ಬಡ್ಡಿ ಇಳಿದಿದೆ ಅಂತ ಮೂವತ್ತು ಲಕ್ಷ ಸಾಲ ಮಾಡಬಹುದೇ?

ಮೊದಲ ಮನೆ ಕೊಳ್ಳಲು ಹೊರಟ ಗಂಡ ಹೆಂಡತಿಗೆ 2025 ಗೊಂದಲದ ವರ್ಷ. ರಿಸರ್ವ್ ಬ್ಯಾಂಕ್ ರೆಪೋ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಒಂದೇ ವರ್ಷದಲ್ಲಿ ನಾಲ್ಕು ಸಲ ಇಳಿಸಿತು. ಫೆಬ್ರುವರಿಗೆ ಮುಂಚೆ ಶೇ 6.50 ಇದ್ದದ್ದು ಡಿಸೆಂಬರ್ 5ರ ಹೊತ್ತಿಗೆ ಶೇ 5.25ಕ್ಕೆ ಬಂತು. ಅದೇ ವರ್ಷ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಒಂದು ಸುದ್ದಿ ಸಾಲ ಅಗ್ಗವಾಯಿತು ಅನ್ನುತ್ತದೆ, ಇನ್ನೊಂದು ಮನೆ ದುಬಾರಿಯಾಯಿತು ಅನ್ನುತ್ತದೆ. ಈಗಾಗಲೇ ಸಾಲ ಮಾಡಿದವರನ್ನು ಕೇಳಿದರೆ, "ಬಡ್ಡಿ ಇಳಿದಿದೆ ಅಂತ ಬ್ಯಾಂಕಿನಿಂದ ಮೆಸೇಜ್ ಬಂತು, ಆದರೆ ಕಂತು ಮಾತ್ರ ಒಂದು ರೂಪಾಯಿಯೂ ಇಳಿದಿಲ್ಲ" ಅನ್ನುತ್ತಾರೆ.

ಈ ಮೂರೂ ಮಾತು ನಿಜ. ಆದರೆ ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಕೊಪ್ಪಳದಲ್ಲೋ ಮನೆ ನೋಡುತ್ತಿರುವ ಜೋಡಿ ತೀರ್ಮಾನ ಮಾಡಬೇಕಾದ್ದು ಇಂದಿನ ಬಡ್ಡಿಯನ್ನು ನೋಡಿ ಅಲ್ಲ. ಇಪ್ಪತ್ತು ವರ್ಷದ ಸಾಲದಲ್ಲಿ ಇಂದಿನ ದರ ಮೊದಲ ಕೆಲವು ತಿಂಗಳ ಮಾತು ಅಷ್ಟೇ. ಅದು ಏಕೆ ಅನ್ನುವುದನ್ನು ಒಂದು ಲೆಕ್ಕದ ಮೂಲಕ ನೋಡೋಣ.

ಒಂದು ಜೋಡಿ, ಒಂದು ಮನೆ

ಉದಾಹರಣೆಗೆ ಬಳ್ಳಾರಿಯ ಒಂದು ಜೋಡಿಯನ್ನು ಊಹಿಸಿಕೊಳ್ಳೋಣ. ಗಂಡ ತೋರಣಗಲ್ಲು ಕಡೆ ಗುತ್ತಿಗೆದಾರರೊಬ್ಬರ ಬಳಿ ಸೂಪರ್‌ವೈಸರ್, ಸಂಬಳ 42,000. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಸಂಬಳ 18,000. ಈಗ ಇರುವ ಬಾಡಿಗೆ ಮನೆಗೆ ತಿಂಗಳಿಗೆ 10,000 ಕೊಡುತ್ತಿದ್ದಾರೆ. ಕಪ್ಪಗಲ್ಲು ರಸ್ತೆ ಕಡೆ ಅಂಥದ್ದೇ ಒಂದು ಮನೆ 38 ಲಕ್ಷಕ್ಕೆ ಇದೆ. ಸಾಲ 30 ಲಕ್ಷ, ಬಡ್ಡಿ ಶೇ 7.5, ಅವಧಿ 20 ವರ್ಷ.

ಕಂತು 24,168 ರೂಪಾಯಿ ಆಗುತ್ತದೆ. ಇಬ್ಬರ ಸಂಬಳ ಸೇರಿ 60,000. ಅದರಲ್ಲಿ ಶೇ 40 ಸಾಲಕ್ಕೆ ಹೋಗುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ ಆದಾಯದ ಅರ್ಧದವರೆಗೂ ಕಂತಿಗೆ ಒಪ್ಪುತ್ತವೆ. ಹಾಗಾಗಿ ಈ ಸಾಲ ಸಲೀಸಾಗಿ ಮಂಜೂರಾಗುತ್ತದೆ. ಇಲ್ಲೇ ಹಲವರು ಯೋಚನೆ ನಿಲ್ಲಿಸಿಬಿಡುತ್ತಾರೆ. ಬ್ಯಾಂಕ್ ಕೊಡುತ್ತೆ ಅಂದರೆ ನಮಗೆ ಕಟ್ಟಲು ಆಗುತ್ತೆ ಅಂತಲೇ ಅಂದುಕೊಳ್ಳುತ್ತಾರೆ. ಬ್ಯಾಂಕ್ ನೋಡುವುದು ತನ್ನ ಹಣ ವಾಪಸ್ ಬರುತ್ತದೆಯೇ ಎಂದು, ಅದಕ್ಕೆ ಮನೆಯೇ ಅಡವಿದೆ. ತಿಂಗಳ ಕೊನೆಯಲ್ಲಿ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ ಅನ್ನುವುದನ್ನು ನೀವೇ ನೋಡಿಕೊಳ್ಳಬೇಕು.

ಮೊದಲ ಐದು ವರ್ಷ ಹಣ ಎಲ್ಲಿಗೆ ಹೋಗುತ್ತದೆ?

ಮೊದಲ ತಿಂಗಳ 24,168ರಲ್ಲಿ ಬಡ್ಡಿಗೆ ಹೋಗುವುದು 18,750. ಅಸಲಿಗೆ ಹೋಗುವುದು 5,418 ಮಾತ್ರ. ಪ್ರತಿ ತಿಂಗಳೂ ಅಸಲು ಸ್ವಲ್ಪ ಇಳಿಯುತ್ತದೆ, ಅದರಿಂದ ಮುಂದಿನ ತಿಂಗಳ ಬಡ್ಡಿಯೂ ಸ್ವಲ್ಪ ಇಳಿಯುತ್ತದೆ. ಆದರೆ ಈ ಇಳಿತ ತುಂಬ ನಿಧಾನ. ಐದು ವರ್ಷ ತಪ್ಪದೆ ಕಟ್ಟಿದರೆ ಒಟ್ಟು ಹದಿನಾಲ್ಕೂವರೆ ಲಕ್ಷ ಕಟ್ಟಿರುತ್ತಾರೆ. ಆಗಲೂ ಬಾಕಿ ಅಸಲು ಸುಮಾರು 26 ಲಕ್ಷ ಇರುತ್ತದೆ. ಇಳಿದದ್ದು ನಾಲ್ಕು ಲಕ್ಷಕ್ಕಿಂತ ಸ್ವಲ್ಪ ಕಡಿಮೆ.

ಇದರಲ್ಲಿ ಬ್ಯಾಂಕಿನ ಮೋಸ ಏನಿಲ್ಲ. ಬಾಕಿ ದೊಡ್ಡದಿದ್ದಾಗ ಬಡ್ಡಿಯೂ ದೊಡ್ಡದು, ಅಷ್ಟೇ. ಆದರೆ ಇದರಿಂದ ಒಂದು ಪರಿಣಾಮ ಆಗುತ್ತದೆ. ಮೊದಲ ವರ್ಷಗಳಲ್ಲಿ ಬಾಕಿ ಹೆಚ್ಚೂಕಡಿಮೆ ಪೂರ್ತಿ ಉಳಿದಿರುವುದರಿಂದ, ಆಗಲೇ ದರ ಏರಿದರೆ ಏಟು ಜೋರಾಗಿ ಬೀಳುತ್ತದೆ. ಹದಿನೈದನೇ ವರ್ಷದಲ್ಲಿ ಏರಿದರೆ ಅಷ್ಟು ತಟ್ಟುವುದಿಲ್ಲ.

ದರ ಇಳಿದರೂ ಕಂತು ಯಾಕೆ ಇಳಿಯಲಿಲ್ಲ?

2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್, ಅಂದರೆ ದರ ಏರಿಳಿಯುವ, ಗೃಹಸಾಲವನ್ನು ಹೊರಗಿನ ಒಂದು ಮಾನದಂಡಕ್ಕೆ ಕಟ್ಟಬೇಕು. ಹೆಚ್ಚಿನವು ರೆಪೋ ದರವನ್ನೇ ಆಯ್ದುಕೊಂಡಿವೆ. ರೆಪೋ ಮೇಲೆ ಬ್ಯಾಂಕ್ ತನ್ನದೊಂದು ಪಾಲು ಸೇರಿಸುತ್ತದೆ. ಇದಕ್ಕೆ ಸ್ಪ್ರೆಡ್ ಅನ್ನುತ್ತಾರೆ. ರೆಪೋ 5.25, ಸ್ಪ್ರೆಡ್ 2.25 ಆದರೆ ನಿಮ್ಮ ದರ 7.5. ಕನಿಷ್ಠ ಮೂರು ತಿಂಗಳಿಗೊಮ್ಮೆ ಬ್ಯಾಂಕ್ ಇದನ್ನು ಹೊಸ ರೆಪೋಗೆ ಹೊಂದಿಸಬೇಕು.

ದರ ಬದಲಾದಾಗ ಬ್ಯಾಂಕ್ ಎರಡರಲ್ಲಿ ಒಂದು ಮಾಡಬಹುದು. ಕಂತನ್ನು ಬದಲಿಸಬಹುದು, ಇಲ್ಲವೇ ಕಂತು ಹಾಗೇ ಇಟ್ಟು ಅವಧಿಯನ್ನು ಬದಲಿಸಬಹುದು. ನೀವು ಏನೂ ಹೇಳದಿದ್ದರೆ ಸಾಮಾನ್ಯವಾಗಿ ಆಗುವುದು ಎರಡನೆಯದು. 30 ಲಕ್ಷವನ್ನು ಶೇ 8.5ಕ್ಕೆ 20 ವರ್ಷಕ್ಕೆ ತೆಗೆದುಕೊಂಡವರ ಕಂತು 26,035. ದರ 7.5ಕ್ಕೆ ಇಳಿದ ಮೇಲೂ ಅದೇ ಕಂತು ಕಟ್ಟಿದರೆ ಸಾಲ ಸುಮಾರು 17 ವರ್ಷಕ್ಕೇ ಮುಗಿಯುತ್ತದೆ. ಮೂರು ವರ್ಷದ ಕಂತು ಉಳಿದಂತೆ. ಉಳಿತಾಯ ಆಗಿದೆ, ಆದರೆ ಅದು ಸಾಲದ ಬಾಲದಲ್ಲಿ ಆಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಹೀಗಾಗಿಯೇ ಮೆಸೇಜ್ ಬಂದರೂ ಕಂತು ಹಾಗೇ ಇದೆ ಅನ್ನಿಸುವುದು. ದರ ಇಳಿಯುವಾಗ ಇದು ಸಾಲಗಾರರಿಗೆ ಒಳ್ಳೆಯದೇ.

ಒಂದು ಎಚ್ಚರ. ರೆಪೋಗೆ ಕಟ್ಟಬೇಕೆಂಬ ಈ ನಿಯಮ ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಇಲ್ಲ, ಗ್ರಾಮೀಣ ಬ್ಯಾಂಕಿಗೂ ಇಲ್ಲ. ಬಳ್ಳಾರಿಯಲ್ಲೇ ಪ್ರಧಾನ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಶಾಖೆಗಳು ನಮ್ಮ ಭಾಗದಲ್ಲಿ ಜಾಸ್ತಿ. ಹಾಗಾಗಿ ಎಲ್ಲಿ ಸಾಲ ಕೇಳಿದರೂ "ನಿಮ್ಮ ದರ ಯಾವುದಕ್ಕೆ ಕಟ್ಟಿದೆ?" ಎಂದು ಮೊದಲೇ ಕೇಳಿ. ಸಂಸ್ಥೆಯ ಒಳಗಿನ ದರಕ್ಕೆ ಕಟ್ಟಿದ್ದರೆ ರೆಪೋ ಇಳಿದ ಲಾಭ ತಡವಾಗಿ ಬರಬಹುದು, ಪೂರ್ತಿ ಬಾರದೆಯೂ ಇರಬಹುದು.

ದರ ಏರಿದಾಗ ಏನಾಗುತ್ತದೆ?

ಅದೇ ಯಂತ್ರ ಈಗ ಹಿಂದುಮುಂದಾಗಿ ತಿರುಗುತ್ತದೆ. ನಮ್ಮ ಜೋಡಿ ಎರಡು ವರ್ಷ ಕಂತು ಕಟ್ಟಿದ ಮೇಲೆ ದರ ಶೇ 9.5 ಆಯಿತು ಅನ್ನೋಣ. ಆಗ ಬಾಕಿ ಸುಮಾರು 28.6 ಲಕ್ಷ. ಅದರ ಮೇಲೆ ತಿಂಗಳ ಬಡ್ಡಿಯೇ 22,600 ದಾಟುತ್ತದೆ. ಕಂತು 24,168 ಹಾಗೇ ಇಟ್ಟರೆ ಅಸಲಿಗೆ ಹೋಗುವುದು ಒಂದೂವರೆ ಸಾವಿರ. ಬಾಕಿ ಇದ್ದ 18 ವರ್ಷದ ಸಾಲ 29 ವರ್ಷಕ್ಕೆ ಹಿಗ್ಗುತ್ತದೆ. ಬೇಡ, 18 ವರ್ಷಕ್ಕೇ ಮುಗಿಸಬೇಕು ಅಂದರೆ ಕಂತು ಸುಮಾರು 27,680 ಆಗುತ್ತದೆ. ತಿಂಗಳಿಗೆ ಮೂರೂವರೆ ಸಾವಿರ ಜಾಸ್ತಿ.

ಎರಡು ಶೇಕಡಾ ಏರುವುದು ಸುಮ್ನೆ ಹೆದರಿಸುವ ಮಾತಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ, ಒಂದು ವರ್ಷವೂ ತುಂಬದೆ, ರೆಪೋ ಶೇ 4ರಿಂದ ಶೇ 6.5ಕ್ಕೆ ಹೋಯಿತು. ಅದಕ್ಕೆ ಸ್ವಲ್ಪ ಮೊದಲು ಶೇ 6.75ಕ್ಕೆ 30 ಲಕ್ಷ ತೆಗೆದುಕೊಂಡವರ ಕಂತು 22,811 ಇತ್ತು. ದರ 9.25 ಆದಾಗ ಅವರ ತಿಂಗಳ ಬಡ್ಡಿ ಒಂದೇ 22,600ರ ಆಸುಪಾಸಿಗೆ ಬಂತು. ಅಸಲಿಗೆ ಉಳಿದದ್ದು ನೂರಿನ್ನೂರು ರೂಪಾಯಿ. ಹಳೇ ಕಂತಿನಲ್ಲೇ ಹೋದರೆ ಅಂಥ ಸಾಲ ಐವತ್ತು ವರ್ಷವಾದರೂ ತೀರುವುದಿಲ್ಲ. ಕಂತು ತಪ್ಪದೆ ಕಟ್ಟುತ್ತಿದ್ದರೂ ಅಸಲು ಜಾಗ ಬಿಟ್ಟು ಕದಲದ ಸ್ಥಿತಿ ಅದು.

ಈ ಅನುಭವದ ಮೇಲೆಯೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಒಂದು ಸುತ್ತೋಲೆ ಹೊರಡಿಸಿತು. ದರ ಬದಲಾದಾಗ ಸಾಲಗಾರರಿಗೆ ತಿಳಿಸಬೇಕು. ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದೋ ಎಂಬ ಆಯ್ಕೆ ಕೊಡಬೇಕು. ಕಂತು ಬಡ್ಡಿಗೂ ಸಾಕಾಗದ ಮಟ್ಟಕ್ಕೆ ಅವಧಿಯನ್ನು ಎಳೆಯಬಾರದು. ಮೂರು ತಿಂಗಳಿಗೊಮ್ಮೆ ಅಸಲು ಎಷ್ಟು, ಬಡ್ಡಿ ಎಷ್ಟು ಕಟ್ಟಿದ್ದೀರಿ, ಎಷ್ಟು ಕಂತು ಬಾಕಿ ಎಂಬ ವಿವರ ಕೊಡಬೇಕು. ಆ ವಿವರ ಬಂದಾಗ ಕಂತಿನ ಮೊತ್ತ ನೋಡಿ ಸುಮ್ಮನಾಗಬೇಡಿ. ಬಾಕಿ ಕಂತುಗಳ ಸಂಖ್ಯೆ ನೋಡಿ. ಒಂದು ವರ್ಷ ಕಟ್ಟಿದ ಮೇಲೂ ಅದು 12 ಇಳಿಯದಿದ್ದರೆ ಅವಧಿ ಹಿಗ್ಗಿದೆ ಎಂದೇ ಅರ್ಥ.

"ಬಾಡಿಗೆ ದಂಡ" ಅನ್ನುವವರು, "ಬಡ್ಡಿ ದಂಡ" ಅನ್ನುವವರು

ಮನೆಯ ಹಿರಿಯರು ಹೆಚ್ಚಾಗಿ ಮೊದಲ ಗುಂಪು. ಬಾಡಿಗೆ ಕಟ್ಟಿದ್ದು ಕಟ್ಟಿದ್ದೇ, ಕಂತು ಕಟ್ಟಿದರೆ ಮನೆಯಾದರೂ ನಮ್ಮದಾಗುತ್ತದೆ ಅನ್ನುತ್ತಾರೆ. ಈ ವಾದದಲ್ಲಿ ಬಲವಿದೆ. ಬಾಡಿಗೆ ಏರುತ್ತಾ ಹೋಗುತ್ತದೆ, ಕಂತು ಹೆಚ್ಚೂಕಡಿಮೆ ಅಷ್ಟೇ ಇರುತ್ತದೆ. ಓನರ್ ಖಾಲಿ ಮಾಡಿ ಅಂದಾಗ ಮಕ್ಕಳ ಶಾಲೆ ಬದಲಿಸುವ ಪಾಡೂ ಇರುವುದಿಲ್ಲ. ಜೊತೆಗೆ ಕಂತು ಇದ್ದರೆ ಮನಸ್ಸಿಲ್ಲದಿದ್ದರೂ ಉಳಿತಾಯ ಆಗುತ್ತದೆ.

ಎರಡನೇ ಗುಂಪು ಲೆಕ್ಕ ಹಾಕುತ್ತದೆ. ನಮ್ಮ ಜೋಡಿಗೆ ಮೊದಲ ವರ್ಷ ಬಡ್ಡಿಯೇ ಸುಮಾರು 2.23 ಲಕ್ಷ. ನೋಂದಣಿ ಖರ್ಚೂ ಸೇರಿ ಕೈಯಿಂದ ಹಾಕುವ ಹನ್ನೊಂದು ಲಕ್ಷ ಎಫ್‌ಡಿಯಲ್ಲಿ ಇದ್ದಿದ್ದರೆ ಶೇ 6.5ರಂತೆ 70 ಸಾವಿರ ಚಿಲ್ಲರೆ ಬರುತ್ತಿತ್ತು, ಅದೂ ಹೋಯಿತು. ಮನೆ ಕಂದಾಯ, ರಿಪೇರಿಗೆ ಇಪ್ಪತ್ತು ಸಾವಿರ ಸೇರಿಸಿದರೆ ಒಟ್ಟು ಮೂರು ಲಕ್ಷ ಚಿಲ್ಲರೆ. ಬಾಡಿಗೆಯಾದರೆ ವರ್ಷಕ್ಕೆ 1.2 ಲಕ್ಷ. ವ್ಯತ್ಯಾಸ ಹತ್ತಿರಹತ್ತಿರ ಎರಡು ಲಕ್ಷ. ಅಂದರೆ 38 ಲಕ್ಷದ ಮನೆಯ ಬೆಲೆ ಆ ವರ್ಷ ಶೇ 5ರಷ್ಟು ಏರಿದರೆ ಕೊಂಡದ್ದು, ಬಾಡಿಗೆಗೆ ಇದ್ದದ್ದು ಎರಡೂ ಸರಿಸಮ.

ಶೇ 5 ಏರುತ್ತದೆಯೇ? ಹೊಸ ರಸ್ತೆ, ಕಾಲೇಜು, ಆಸ್ಪತ್ರೆ ಬರುವ ಕಡೆ ಏರಬಹುದು. ಆದರೆ ಬೆಲೆ ಏರುವುದು ಮುಖ್ಯವಾಗಿ ನೆಲದ್ದು. ಕಟ್ಟಡ ವರ್ಷ ಕಳೆದಂತೆ ಹಳೆಯದಾಗುತ್ತದೆ. ಒಂದೇ ಹಣಕ್ಕೆ ಚಿಕ್ಕ ಸೈಟಿನ ಮೇಲಿನ ದೊಡ್ಡ ಮನೆ, ದೊಡ್ಡ ಸೈಟಿನ ಮೇಲಿನ ಸಾಧಾರಣ ಮನೆ ಎರಡೂ ಇದ್ದರೆ, ಬೆಲೆಯ ದೃಷ್ಟಿಯಿಂದ ಎರಡನೆಯದೇ ವಾಸಿ.

ತೆರಿಗೆ ಉಳಿಯುತ್ತದೆ ಎಂಬ ವಾದ ಈಗ ಹೆಚ್ಚಿನವರಿಗೆ ನಿಲ್ಲುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ತಾವೇ ವಾಸವಿರುವ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. 2025-26ರಿಂದ ಅದೇ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೂ ಇಲ್ಲ. ಈ ಜೋಡಿ ತೆರಿಗೆಯನ್ನೇ ಕಟ್ಟುವುದಿಲ್ಲ. ಉಳಿಸುವುದು ಎಲ್ಲಿಂದ?

ನಮ್ಮ ಊರುಗಳ ವಿಶೇಷ ಅಪಾಯ

ಬೆಂಗಳೂರಿನಲ್ಲಿ ಒಂದು ಕಂಪನಿ ಮುಚ್ಚಿದರೆ ಇನ್ನೊಂದು ಕಂಪನಿಯಲ್ಲಿ ಕೆಲಸ ಹುಡುಕಬಹುದು. ನಮ್ಮ ಮೂರು ಜಿಲ್ಲೆಗಳಲ್ಲಿ ಊರಿನ ದುಡಿಮೆ ಒಂದೆರಡು ಕಂಬಗಳ ಮೇಲೆ ನಿಂತಿದೆ. ಬಳ್ಳಾರಿಗೆ ಗಣಿ ಮತ್ತು ಉಕ್ಕು. ರಾಯಚೂರು, ಕೊಪ್ಪಳಕ್ಕೆ ತುಂಗಭದ್ರೆಯ ನೀರು, ಭತ್ತ, ರೈಸ್ ಮಿಲ್ಲು, ಶಕ್ತಿನಗರ, ಗಿಣಿಗೇರಾ ಕಡೆಯ ಕಾರ್ಖಾನೆಗಳು.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ್ದನ್ನು ನೆನೆಸಿಕೊಳ್ಳಿ. ಗಣಿಯವರ ಕೆಲಸ ಮಾತ್ರ ಹೋಗಲಿಲ್ಲ. ಲಾರಿ, ಗ್ಯಾರೇಜು, ಹೋಟೆಲ್ಲು, ಬಾಡಿಗೆ ಮನೆ ಎಲ್ಲಕ್ಕೂ ತಟ್ಟಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಗಂಗಾವತಿ, ಸಿಂಧನೂರು ಕಡೆ ಯಾಕೆ ಅಷ್ಟು ಆತಂಕವಾಯಿತು ಅಂದರೆ, ಕಾಲುವೆಯಲ್ಲಿ ನೀರು ಬರದ ವರ್ಷ ಮಿಲ್ಲಿನಿಂದ ಹಿಡಿದು ಗೊಬ್ಬರದಂಗಡಿಯ ಗುಮಾಸ್ತನವರೆಗೆ ಎಲ್ಲರ ಕೈಯೂ ಬಿಗಿಯಾಗುತ್ತದೆ.

ಮನೆ ಸಾಲಕ್ಕೆ ಇದು ನೇರವಾಗಿ ಸಂಬಂಧಿಸಿದ್ದು. ಸಂಬಳ ನಿಂತಾಗ ಮನೆ ಮಾರಿ ಸಾಲ ತೀರಿಸುತ್ತೇವೆ ಅಂದುಕೊಂಡಿರುತ್ತೇವೆ. ಆದರೆ ನಿಮ್ಮ ಸಂಬಳ ನಿಲ್ಲಿಸಿದ ಕಾರಣವೇ ಊರಿನ ಇತರರ ಕೈಯನ್ನೂ ಕಟ್ಟಿಹಾಕಿರುತ್ತದೆ. ಕೊಳ್ಳುವವರು ಸಿಗುವುದಿಲ್ಲ, ಸಿಕ್ಕರೂ ಕಡಿಮೆಗೆ ಕೇಳುತ್ತಾರೆ. ಐದನೇ ವರ್ಷದಲ್ಲೂ 26 ಲಕ್ಷ ಬಾಕಿ ಇರುವ ಮನೆಯನ್ನು ಅಂಥ ಹೊತ್ತಿನಲ್ಲಿ ಮಾರಿದರೆ ಕೈಗೆ ಬರುವುದು ಅಷ್ಟಕ್ಕಷ್ಟೇ. ಗಂಡ ಹೆಂಡತಿ ಇಬ್ಬರೂ ಒಂದೇ ಉದ್ಯಮವನ್ನು ನಂಬಿದ್ದರೆ ಅಪಾಯ ಇನ್ನೂ ಜಾಸ್ತಿ. ಒಬ್ಬರದು ಸರ್ಕಾರಿ ನೌಕರಿಯಾಗಿದ್ದರೆ ಅಷ್ಟರಮಟ್ಟಿಗೆ ಕಡಿಮೆ.

ಕೈಯಿಂದ ಹಾಕುವ ಹಣ

38 ಲಕ್ಷದ ಮನೆಗೆ 30 ಲಕ್ಷ ಸಾಲ ಅಂದರೆ ಉಳಿದದ್ದು 8 ಲಕ್ಷ ಅಲ್ವಾ? ಅಲ್ಲ. ಸ್ಟ್ಯಾಂಪ್ ಡ್ಯೂಟಿ ಶೇ 5. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ ಈಗ ಶೇ 2. ಒಟ್ಟು ಶೇ 7.6, ಅಂದರೆ 2,88,800 ರೂಪಾಯಿ. ಇದನ್ನು ಬ್ಯಾಂಕ್ ಮನೆಯ ಬೆಲೆಯಲ್ಲಿ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಕೈಯಿಂದ ಹನ್ನೊಂದು ಲಕ್ಷ ಬೇಕೇ ಬೇಕು.

ಇಲ್ಲೇ ಇನ್ನೊಂದು ಸಿಕ್ಕು ಬರುತ್ತದೆ. ಮಾರುವವರು ಕಾಗದದಲ್ಲಿ 28 ಲಕ್ಷ ತೋರಿಸೋಣ, ಉಳಿದ 10 ಲಕ್ಷ ನಗದು ಕೊಡಿ ಅನ್ನುತ್ತಾರೆ. ನೋಂದಣಿ ಖರ್ಚು ಸ್ವಲ್ಪ ಉಳಿಯುವುದು ನಿಜ. ಆದರೆ ಬ್ಯಾಂಕ್ ಸಾಲ ಕೊಡುವುದು ಕಾಗದದ ಬೆಲೆಯ ಮೇಲೆ. 28 ಲಕ್ಷಕ್ಕೆ ಶೇ 90 ಕೊಟ್ಟರೂ 25 ಲಕ್ಷ ಸ್ವಲ್ಪ ದಾಟುತ್ತದೆ, ಅಷ್ಟೇ. ಉಳಿದದ್ದಕ್ಕೆ ಕೈಗಡ, ಚೀಟಿ, ಚಿನ್ನದ ಸಾಲ ಅಂತ ಓಡಾಡಬೇಕು, ಅವುಗಳ ಬಡ್ಡಿ ಬೇರೆ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೂ ವಿರುದ್ಧ.

ಖಾತೆ ವಿಷಯ ಚಿಕ್ಕದಾಗಿ ಹೇಳುವುದಾದರೆ, ನೋಂದಣಿಗೆ ಇ-ಖಾತೆ ಬೇಕು. ಬಿ-ಖಾತೆ ಆಸ್ತಿಗೆ ಹೆಚ್ಚಿನ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಕೊಡುವ ಖಾಸಗಿ ಸಂಸ್ಥೆಗಳ ಬಡ್ಡಿ ಜಾಸ್ತಿ ಇರುತ್ತದೆ. ಮುಂದೆ ಮಾರುವಾಗ ನಿಮ್ಮಿಂದ ಕೊಳ್ಳುವವರಿಗೂ ಇದೇ ತೊಂದರೆ. ಅಡ್ವಾನ್ಸ್ ಕೊಡುವ ಮೊದಲೇ ಕಾಗದಗಳ ಜೆರಾಕ್ಸ್ ಪಡೆದು ಬ್ಯಾಂಕಿನ ವಕೀಲರಿಗೆ ತೋರಿಸಿ.

ಹಾಗಾದರೆ ಈ ಜೋಡಿಗೆ ಎಷ್ಟು ಸಾಲ ತಡೆಯುತ್ತದೆ?

ಎರಡು ಪರೀಕ್ಷೆ ಮಾಡಿ ನೋಡಬೇಕು. ದರ ಶೇ 9.5 ಆದರೂ ಕಟ್ಟಲಾಗುತ್ತದೆಯೇ? ಒಂದೇ ಸಂಬಳದಲ್ಲಿ ಕಟ್ಟಲಾಗುತ್ತದೆಯೇ? ಮಗುವಾಗಿ ಹೆಂಡತಿ ಎರಡು ವರ್ಷ ಕೆಲಸ ಬಿಟ್ಟರೆ ಉಳಿಯುವುದು 42,000. ಅದರಲ್ಲಿ 24,168 ಕಂತು ಅಂದರೆ ಶೇ 57.5. ದರವೂ ಏರಿದ್ದರೆ ಮೂರರಲ್ಲಿ ಎರಡು ಪಾಲು. 14 ಸಾವಿರದಲ್ಲಿ ಮಗುವಿನ ಜೊತೆ ಸಂಸಾರ ನಡೆಯುವುದಿಲ್ಲ. 30 ಲಕ್ಷ ಇವರಿಗೆ ಹೆಚ್ಚಾಯಿತು.

42,000ರ ಅರ್ಧ 21,000. ಶೇ 9.5ರಲ್ಲಿ 20 ವರ್ಷಕ್ಕೆ ಅಷ್ಟು ಕಂತು ಬರುವ ಸಾಲ ಸುಮಾರು 22.5 ಲಕ್ಷ. ಇಂದಿನ ಶೇ 7.5ರಲ್ಲಿ ಅದರ ಕಂತು 18,126 ಮಾತ್ರ. ಇಬ್ಬರೂ ದುಡಿಯುತ್ತಿರುವಾಗ 18,126ರ ಬದಲು 21,000 ಕಟ್ಟುತ್ತಾ ಹೋದರೆ, ದರ ಹೀಗೇ ಇದ್ದರೆ, ಸಾಲ ಹದಿನೈದು ವರ್ಷದೊಳಗೆ ಮುಗಿಯುತ್ತದೆ. ಫ್ಲೋಟಿಂಗ್ ಗೃಹಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ದಂಡ ಹಾಕುವಂತಿಲ್ಲ.

ಉಳಿದ ಏಳೂವರೆ ಲಕ್ಷದ ಕಂದಕ ತುಂಬಲು ಎರಡು ದಾರಿ. ಊರ ನಡುವೆ ಬಿಟ್ಟು ಸ್ವಲ್ಪ ಆಚೆ, ಇಲ್ಲವೇ ಹತ್ತು ವರ್ಷ ಹಳೆಯ, 30 ಲಕ್ಷದೊಳಗಿನ ಮನೆ ನೋಡುವುದು ಒಂದು. ಎರಡು ವರ್ಷ ಕಾಯುವುದು ಇನ್ನೊಂದು. ಕಾಯುವುದಾದರೆ ಸುಮ್ನೆ ಕಾಯಬಾರದು. ಕಂತು 24,168 ಎಂದೇ ಅಂದುಕೊಂಡು, ಬಾಡಿಗೆ 10,000 ಕಳೆದು ಉಳಿದ 14,168ನ್ನು ಸಂಬಳ ಬಂದ ದಿನವೇ ಆರ್‌ಡಿಗೆ ಹಾಕಬೇಕು. ಎರಡು ವರ್ಷಕ್ಕೆ ಬಡ್ಡಿ ಸೇರಿ ಮೂರೂವರೆ ಲಕ್ಷ ದಾಟುತ್ತದೆ. ಈ ನಡುವೆ ಮನೆ ಬೆಲೆ ವರ್ಷಕ್ಕೆ ಶೇ 5 ಏರಿದರೆ 38 ಲಕ್ಷದ್ದು ಸುಮಾರು 42 ಲಕ್ಷ ಆಗಿರುತ್ತದೆ, ಕೂಡಿಟ್ಟದ್ದು ಅದಕ್ಕೇ ಸರಿಹೋಗುತ್ತದೆ. ಕಾಯುವುದರಲ್ಲಿ ಈ ನಷ್ಟ ಇದೆ ಎಂದು ಒಪ್ಪಿಕೊಂಡೇ ಕಾಯಬೇಕು. ಬೆಲೆ ನಿಂತಲ್ಲೇ ನಿಂತಿದ್ದರೆ ಸಾಲ 26 ಲಕ್ಷ ಚಿಲ್ಲರೆಗೆ ಇಳಿಯುತ್ತದೆ.

ಆದರೆ ಎರಡರಲ್ಲಿ ಏನೇ ಆದರೂ ಆ ಆರ್‌ಡಿ ಪಾಸ್‌ಬುಕ್ ಒಂದು ವಿಷಯ ತೋರಿಸುತ್ತದೆ. ಇಪ್ಪತ್ನಾಲ್ಕು ತಿಂಗಳಲ್ಲಿ ಎಷ್ಟು ತಿಂಗಳು ಹಣ ಕಟ್ಟಲು ಆಗಲಿಲ್ಲ, ಯಾವ ಕಾರಣಕ್ಕೆ ಆಗಲಿಲ್ಲ ಎಂದು. ಮದುವೆ, ಆಸ್ಪತ್ರೆ, ಸಂಬಳ ತಡವಾದದ್ದು ಎಲ್ಲ ಅಲ್ಲಿ ಇರುತ್ತದೆ. ಆರ್‌ಡಿ ತಪ್ಪಿದರೆ ಸಣ್ಣ ದಂಡ. ಅದೇ ತಿಂಗಳು ಮನೆ ಸಾಲದ ಕಂತು ತಪ್ಪಿದ್ದರೆ ದಂಡದ ಜೊತೆ ಸಿಬಿಲ್ ಸ್ಕೋರೂ ಬೀಳುತ್ತಿತ್ತು, ಸತತವಾಗಿ 90 ದಿನ ದಾಟಿದರೆ ಬ್ಯಾಂಕ್ ಆ ಸಾಲವನ್ನು ಎನ್‌ಪಿಎ, ಅಂದರೆ ಕೆಟ್ಟ ಸಾಲಗಳ ಪಟ್ಟಿಗೆ ಸೇರಿಸುತ್ತಿತ್ತು.